ಹುಣಸೆಹಣ್ಣು ಹಚ್ಚಿದ ಪತ್ರಾಸು

ಮಹಾದೇವಕ್ಕನ ಮನೆಗೆ ಹೊಸ ಪಾತ್ರೆ ಬಂದರೆ ಅದು ನೇರವಾಗಿ ಒಳಗೆ ಹೋಗುತ್ತಿರಲಿಲ್ಲ. ಮೊದಲು ಹಿತ್ತಲ ಕಲ್ಲಿನ ಮೇಲೆ ಹುಣಸೆಹಣ್ಣು, ಬೂದಿ, ಇಟ್ಟಂಗಿ ಪುಡಿಗಳ ಅಭಿಷೇಕ ಮಾಡಿಸಿಕೊಂಡು, ತೆಂಗಿನ ನಾರಿನಿಂದ ತಿಕ್ಕಿಸಿಕೊಂಡು, ಬಿಸಿಲಲ್ಲಿ ಬೋರಲು ಬಿದ್ದು ಒಣಗಬೇಕು. ಆಮೇಲೆ ಅರಿಷಿಣ ಕುಂಕುಮ. ಆಮೇಲೆ ಒಲೆ. ಅಂಗಡಿಯವನ ಕೈ, ಗಾಡಿಯ ಧೂಳು, ಹೋಗಿ ಬರುವವರ ಕಣ್ಣು ಎಲ್ಲವೂ ಅಂಟಿಕೊಂಡ ವಸ್ತುವನ್ನು ದೇವರಿಗೆ ಎಡೆ ಮಾಡುವ ಮನೆಯೊಳಗೆ ಹೇಗೆ ಬಿಟ್ಟುಕೊಳ್ಳುವುದು ಎಂದು ಅವಳು ಕೇಳುತ್ತಿದ್ದಳು. ನಾನಿದ್ದ ನಮ್ಮತ್ತೆ ಯಂಕವ್ವನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಬೆಳಗಿನ ಹೊತ್ತು ಆ ಕಡೆಯಿಂದ ತಿಕ್ಕುವ ಸದ್ದು ಕೇಳದಿದ್ದರೆ ನಮ್ಮತ್ತೆ, "ಮಾದೇವಿಗೆ ಮೈಯಾಗ ಆರಾಮ ಇಲ್ಲೇನ?" ಎಂದು ಗೋಡೆಯ ಮೇಲಿಂದ ಇಣುಕುತ್ತಿದ್ದಳು.

ಸವಣೂರಿನಿಂದ ಶಿಗ್ಗಾಂವಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಮಹಾದೇವಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮಕ್ಕಳಿಲ್ಲ. ಇದ್ದ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸುತ್ತಿದ್ದಳು. ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಆ ದಿನ ಮಾತ್ರ ಅವಳ ಬಾಯಿ ಸ್ವಲ್ಪ ಮೆತ್ತಗೆ. ಉಳಿದ ದಿನ ಅವಳೊಡನೆ ಚೌಕಾಸಿಗೆ ಇಳಿದವರು ಬೆವರು ಒರೆಸಿಕೊಂಡು ಏಳುತ್ತಿದ್ದರು.

ಅವಳಿಗೆ ಒಂದು ಎಮ್ಮೆ ಇತ್ತು, ಹೆಸರು ಗಂಗಿ. ತವರೂರು ಹಂಸಭಾವಿಯಿಂದ ಅಣ್ಣ ಮೈಲಾರಲಿಂಗಪ್ಪ ಹೊಡೆದುಕೊಂಡು ಬಂದು ಕೊಟ್ಟದ್ದು. ಈ ಗಂಗಿಗೆ ಒಂದು ದುರ್ಗುಣ. ಅದು ತನ್ನ ಮನೆಯನ್ನೇ ತಿನ್ನುತ್ತಿತ್ತು. ಕೊಟ್ಟಿಗೆಗೆ ಹೊದಿಸಿದ ಜೋಳದ ಕಣಿಕಿಯನ್ನು ಕತ್ತು ಚಾಚಿ ಎಳೆದು ಎಳೆದು, ಬೇಸಿಗೆ ಮುಗಿಯುವ ಹೊತ್ತಿಗೆ ತಲೆಯ ಮೇಲೆ ಬರೀ ಆಕಾಶ ಉಳಿಸುತ್ತಿತ್ತು. ಹಿಂದಿನ ವರ್ಷ ಹಾಗೆಯೇ ಆಗಿ, ಸುರಿಯುವ ಮಳೆಯಲ್ಲಿ ಕರು ಹಾಕಿತು. ಕರು ನೆಂದು, ನಡುಗಿ, ಉಳಿಯಲಿಲ್ಲ. ಮಹಾದೇವಕ್ಕ ಆವತ್ತು ಊಟ ಮಾಡಲಿಲ್ಲ. ಸುದ್ದಿ ತಿಳಿದು ಬಂದ ಅಣ್ಣ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಹೇಳಿದ್ದ.

"ನೋಡ ತಂಗಿ, ಮೂಕ ಪ್ರಾಣಿ ಐತಿ. ಮುಂದಿನ ಸಲ ಅದು ಈಯೂದರೊಳಗ ತಲಿಮ್ಯಾಲ ಒಂದ ಗಟ್ಟಿ ಮಾಡ ಆಗಬೇಕ. ಬರೂ ವರ್ಷ ಮಿರಗದ ಮಳಿ ಕೂಡಿದ ಮ್ಯಾಲ ನಾ ಬರ್ತೇನಿ. ಒಂದ ಹನಿ ಸೋರಿದ್ರೂ ಎಮ್ಮಿ ಹಂಸಭಾವಿಗೆ ನಡೀತು. ಹಗ್ಗಾ ನಾನ ತರ್ತೇನಿ."

"ಕೊಟ್ಟಿದ್ದ ತಿರುಗಿ ಒಯ್ಯಾಂವ ನೀ ಎಂಥಾ ಅಣ್ಣ!"

"ಕೊಟ್ಟಿದ್ದು ಕಟ್ಟಾಕ, ತೊಯ್ಸಾಕ ಅಲ್ಲ."

ಮೈಲಾರಲಿಂಗಪ್ಪ ಹೇಳಿದ್ದನ್ನು ಮಾಡುವ ಮನುಷ್ಯ. ಗಂಗಿ ಹೋದರೆ ಮನೆಯಲ್ಲಿ ಮಾತಾಡಿಸಲು ಇನ್ನೊಂದು ಜೀವವಿಲ್ಲ ಎಂಬುದು ಮಹಾದೇವಕ್ಕನಿಗೆ ಗೊತ್ತಿತ್ತು. ಗೋಡೆಯ ಮೇಲಿಂದ ನಮ್ಮತ್ತೆಗೆ ಹೇಳಿದಳು: "ಪತ್ರಾಸ ಹಾಕಸ್ತೇನ್ವಾ. ಅದನ್ನ ಹೆಂಗ ತಿಂತಾಳ ನೋಡ್ತೇನಿ."

ಆಗಿನ್ನೂ ನಮ್ಮ ಊರಲ್ಲಿ ಯಾರ ಕೊಟ್ಟಿಗೆಗೂ ಪತ್ರಾಸು, ಅಂದರೆ ಏರು ತಗ್ಗಿನ ಕಬ್ಬಿಣದ ತಗಡು, ಇರಲಿಲ್ಲ. ಅದು ಬೇಕೆಂದಾಗ ಸಿಗುವ ಮಾಲೂ ಅಲ್ಲ. ಸರಕಾರದ ಪರವಾನಗಿಯ ಮೇಲೆ, ರೈಲಿನ ವ್ಯಾಗನ್ನು ಬಂದಾಗ, ಬಂದಷ್ಟು. ಮಹಾದೇವಕ್ಕ ಅದಕ್ಕಾಗಿ ಎಷ್ಟು ಸಲ ಕಚೇರಿಯ ಕಟ್ಟೆ ಹತ್ತಿಳಿದಳೋ, ಅಂತೂ ಪರವಾನಗಿ ಸಿಕ್ಕಿತು. ಬೇಸಿಗೆಯ ಒಂದು ಬೆಳಿಗ್ಗೆ ಊರ ಬಡಿಗ ಮಂಜಪ್ಪನ ಜೊತೆ ಗಾಡಿ ಕಟ್ಟಿಸಿಕೊಂಡು ಸವಣೂರಿಗೆ ಹೊರಟಳು.

ಸವಣೂರಿನ ಪೇಟೆಯಲ್ಲಿ ಕುತುಬುದ್ದೀನನ ಕಬ್ಬಿಣದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕುತುಬುದ್ದೀನನಿಗೆ ಮಾರುವುದಕ್ಕಿಂತ ಮಾತಾಡುವುದರಲ್ಲಿ ಹೆಚ್ಚು ಸುಖ. ಅವನು ಗೋಡೆಗೆ ಆನಿಸಿದ್ದ ಪತ್ರಾಸುಗಳನ್ನು ತೋರಿಸಿದ.

"ಇದು ಇಪ್ಪತ್ತಾರು ಗೇಜು, ಇದು ಇಪ್ಪತ್ನಾಕು, ಇದು ಇಪ್ಪತ್ತೆರಡು. ಯಾವದ ಕೊಡ್ಲಿ ಅಕ್ಕಾರ?"

"ದಪ್ಪಂದ ಕೊಡ್ರಿ. ಇಪ್ಪತ್ತಾರ."

"ಇಪ್ಪತ್ತಾರು ತೆಳ್ಳಂದ್ರಿ. ನಂಬರ ಹೆಚ್ಚಾದಂಗ ಪತ್ರಾಸ ತೆಳ್ಳಗ ಆಗತದ."

ಮಹಾದೇವಕ್ಕ ಮಂಜಪ್ಪನ ಮುಖ ನೋಡಿದಳು. "ಹಿಂಗೂ ಒಂದ ಲೆಕ್ಕ ಇರ್ತೈತೇನೋ?"

"ಇರ್ತೈತಿ ಯಕ್ಕಾ," ಎಂದ ಮಂಜಪ್ಪ. ಅವನಿಗೂ ಗೊತ್ತಿರಲಿಲ್ಲ.

"ಹಂಗಾರ ಇಪ್ಪತ್ತೆರಡು ಕೊಡ್ರಿ. ದಪ್ಪಂದ ಬೇಕಂದ್ರ ದಪ್ಪಂದ."

ಕುತುಬುದ್ದೀನ ಕೈ ಅಡ್ಡ ಮಾಡಿದ. "ತಡೀರಿ. ಒಂದ ಎಮ್ಮಿಗೆ ಅರಮನಿ ಯಾಕ? ಭಾರ ಆಗತದ, ಗಳಾ ಬಾಗತಾವು. ಅಡ್ಡ ಗಳ ಎಷ್ಟ ದೂರಕ್ಕೊಂದ ಹಾಕಸ್ತೀರಿ?"

"ಎರಡೂವರಿ ಮೊಳಕ್ಕೊಂದು," ಎಂದ ಮಂಜಪ್ಪ. ಇದು ಅವನಿಗೆ ಗೊತ್ತಿದ್ದ ವಿಷಯ.

"ಅಷ್ಟಕ್ಕ ಇಪ್ಪತ್ನಾಕು ಸಾಕು. ಈಗ ಒಂದ ಖರೇ ಮಾತ ಹೇಳ್ರಿ. ನಿಮ್ಮೂರಾಗ ಮುಸುವ ಅದಾವೇನು?"

"ಅವ್ಕೇನ ಕಡಿಮಿ? ಮನಶ್ಯಾರಕಿಂತ ಅವ ಹೆಚ್ಚ ಅದಾವ," ಎಂದಳು ಮಹಾದೇವಕ್ಕ.

"ಹಂಗಾರ ಇಪ್ಪತ್ತಾರು ಬ್ಯಾಡ ಬಿಡ್ರಿ. ಗಿಡದಿಂದ ಮುಸುವ ಜಿಗದ್ರ ತೆಳ್ಳನ ಪತ್ರಾಸು ತಟ್ಟಿ ಹಂಗ ತಗ್ಗ ಬೀಳತದ. ತಗ್ಗಿನಾಗ ನೀರ ನಿಲ್ಲತದ. ನಿಂತಲ್ಲಿ ತುಕ್ಕ. ಮುಸುವ ಇರೋ ಊರಿಗೆ ನಾ ಇಪ್ಪತ್ನಾಕರ ಮ್ಯಾಲಿನ ನಂಬರ ಕೊಡೂದ ಇಲ್ಲ."

ಹೀಗೆ ನಮ್ಮ ಊರಿನ ಮುಸುವಗಳು, ಆ ಕರಿಮುಖದ ಕೋತಿಗಳು, ಪತ್ರಾಸಿನ ದಪ್ಪ ಗೊತ್ತು ಮಾಡಿದವು. ಇನ್ನು ಲೇಪದ ಮಾತು. ಕುತುಬುದ್ದೀನ ಪತ್ರಾಸನ್ನು ಬಿಸಿಲಿಗೆ ಹಿಡಿದು, ಅದರ ಮೈಮೇಲೆ ಮಂಜು ಗಟ್ಟಿಯಾದಂತೆ ಮೂಡಿದ ಬೆಳ್ಳಿ ಹೂವುಗಳನ್ನು ತೋರಿಸಿದ. ಅದು ಜಸ್ತದ, ಅಂದರೆ ಸತುವಿನ, ಹೂವು, ಕಬ್ಬಿಣವನ್ನು ಕರಗಿದ ಜಸ್ತದಲ್ಲಿ ಅದ್ದಿ ತೆಗೆದಾಗ ಮೂಡುತ್ತದೆ ಎಂದ. ಮಹಾದೇವಕ್ಕ ಎರಡು ಪತ್ರಾಸುಗಳ ಹೂವನ್ನು ಕಣ್ಣು ಕಿರಿದು ಮಾಡಿ ಹೋಲಿಸಿ, ದೊಡ್ಡ ಹೂವಿನದನ್ನು ಮುಟ್ಟಿದಳು.

"ಹೂವ ನೋಡಿ ಮೋಸ ಹೋಗಬ್ಯಾಡ್ರಿ. ಅದೇನ ಸೀರಿ ಅಲ್ಲ. ಹೂವ ದೊಡ್ಡದ ಇದ್ರ ಜಸ್ತ ದಪ್ಪ ಅಂತಲ್ಲ. ಇಲ್ಲಿ ಮೂಲ್ಯಾಗ ಒತ್ತಿದ ಮುದ್ರಿ ನೋಡ್ರಿ. ಇದು ದಪ್ಪ ಲೇಪದ್ದು, ಅದು ತೆಳು ಲೇಪದ್ದು. ದನದ ಮನಿಗೆ ದಪ್ಪಂದ ಬೇಕ. ಉಚ್ಚಿ, ಸಗಣಿ, ಅದರ ಹಬಿ ಎಲ್ಲಾ ಮ್ಯಾಲ ಏರತದ. ಮಳಿಗಿಂತ ಆ ಹಬಿನ ಜಸ್ತಾ ತಿನ್ನತದ."

"ನಮ್ಮ ಗಂಗಿ ಮ್ಯಾಲಿಂದೂ ತಿಂತಾಳ, ಕೆಳಗಿಂದೂ ತಿಂತಾಳ ಅನ್ರಿ," ಎಂದಳು ಮಹಾದೇವಕ್ಕ. ದಪ್ಪ ಲೇಪದ್ದೇ ತೆಗೆದುಕೊಂಡಳು.

ಕೊನೆಗೆ ಮೊಳೆಯ ಜಗಳ. ಮಂಜಪ್ಪ ತನ್ನ ಚೀಲದಲ್ಲಿದ್ದ ಸಾದಾ ಮೊಳೆಗಳನ್ನು ಗಲಗಲ ಅಲ್ಲಾಡಿಸಿ, "ಇಷ್ಟ ಸಾಕು. ಪತ್ರಾಸಿನ ತಗ್ಗು ಗಳಕ್ಕ ಹತ್ತಿ ಕುಂದರ್ತೈತಿ, ಅಲ್ಲೇ ಹೊಡದ್ರ ಗಟ್ಟಿ," ಎಂದ. ಕುತುಬುದ್ದೀನ ಕಿವಿ ಮುಚ್ಚಿಕೊಂಡ.

"ಅಕ್ಕಾರ, ನೀವು ಹೊಲ ಮಾಡವರು, ನೀವ ಹೇಳ್ರಿ. ಬೋದು ಬಿಟ್ಟ ಹೊಲದಾಗ ನೀರ ಎಲ್ಲಿ ಹರೀತದ?"

"ಬೋದಿನ ನಡುವ, ಸಾಲಿನಾಗ."

"ಇದೂ ಬೋದು ಬಿಟ್ಟ ಹೊಲಾನ ಅಲ್ಲೇನ್ರಿ? ಸಾಲಿನಾಗ ತೂತ ಹಾಕಿದ್ರ ಆ ನೀರೆಲ್ಲಾ ತೂತಿನಾಗ. ಎತ್ತರದ ಬೋದಿನ ಮ್ಯಾಲ ತೂತ ಹಾಕ್ರಿ, ನೀರ ಎರಡೂ ಕಡೆ ಜಾರಿ ಹೋಗತದ."

ಅಷ್ಟಕ್ಕೆ ನಿಲ್ಲದೆ ಅವನು ಒಂದು ಕೊಕ್ಕೆ ಬೋಲ್ಟು ತೆಗೆದ. ಒಂದು ತುದಿ ಕೊಡೆಯ ಹಿಡಿಕೆಯಂತೆ ಬಾಗಿದೆ, ಇನ್ನೊಂದು ತುದಿಗೆ ತಿರುಪು. ಬಾಗಿದ ತುದಿ ದುಂಡು ಗಳವನ್ನು ಕೆಳಗಿನಿಂದ ಅಪ್ಪಿಕೊಳ್ಳುತ್ತದೆ. ತಿರುಪಿನ ತುದಿ ಬೋದಿನ ತೂತಿನಿಂದ ಮೇಲೆ ಬರುತ್ತದೆ. ಅದರ ಮೇಲೆ ಮೊದಲು ಡಾಂಬರಿನ ಮೆತ್ತನೆಯ ಬಿಲ್ಲೆ, ಆಮೇಲೆ ಟೋಪಿಯಂತೆ ಬಾಗಿದ ಜಸ್ತದ ಬಿಲ್ಲೆ, ಆಮೇಲೆ ನಟ್ಟು. ಬಿಲ್ಲೆಗೆ ಅವನು ವಾಯಸರು ಎನ್ನುತ್ತಿದ್ದ.

"ಬೋಲ್ಟಿಗೂ ಜಸ್ತದ ಲೇಪ ಇರಬೇಕ. ಪತ್ರಾಸು ಇಪ್ಪತ್ತ ವರ್ಷ ಬಾಳಿ ಬೋಲ್ಟು ಎರಡ ವರ್ಷಕ್ಕ ತುಕ್ಕ ಹಿಡದ್ರ ಏನ ಉಪಯೋಗ? ಮತ್ತ ಮಂಜಪ್ಪಾ, ಸಿಟ್ಟ ಮಾಡಿ ಬಿಗೀಬ್ಯಾಡ. ವಾಯಸರು ಕುಂತ್ರ ಸಾಕು. ಹೆಚ್ಚ ಬಿಗದ್ರ ಬೋದು ತಗ್ಗ ಆಗತದ, ಡಾಂಬರು ಹೊರಗ ಬರತದ."

"ನಾ ಯಾರ ಮ್ಯಾಲ ಸಿಟ್ಟ ಮಾಡ್ಲಿ?" ಎಂದು ಮಂಜಪ್ಪ ಸಿಟ್ಟಿನಿಂದಲೇ ಕೇಳಿದ.

ಗಾಡಿ ಹೇರುವಾಗಲೂ ಕುತುಬುದ್ದೀನನ ಬಾಯಿ ನಿಲ್ಲಲಿಲ್ಲ. ಪತ್ರಾಸುಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಗೋಡೆಗೆ ಓರೆಯಾಗಿ ನಿಲ್ಲಿಸಿ, ನಡುವೆ ನೀರು ಹೊಗದಂತೆ ನೋಡಿ. ಹೊದಿಸುವಾಗ ಮೂಡಣದಿಂದ ಶುರು ಮಾಡಿ ಪಡುವಣಕ್ಕೆ ಹೋಗಿ, ಮುಂದಿನದು ಹಿಂದಿನದರ ಮೇಲೆ ಬರಲಿ, ಆಗ ಮಳೆಗಾಳಿ ಸಂದಿಯಲ್ಲಿ ನುಗ್ಗುವುದಿಲ್ಲ. ಮೇಲೆ ಹತ್ತಿದರೆ ಬೋಲ್ಟಿನ ಸಾಲಿನ ಮೇಲೆಯೇ ಕಾಲಿಡಿ. ಎಲ್ಲವನ್ನೂ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕೆಂದು ಭೂಮಿಯ ಮೇಲಿನ ಯಾವ ಕಬ್ಬಿಣದ ಅಂಗಡಿಯವನಿಗೂ ಹೊಳೆಯುತ್ತಿರಲಿಲ್ಲ.

ಊರಿಗೆ ಬಂದ ಮಂಜಪ್ಪನಿಗೆ ಹಸಿವು. ಪತ್ರಾಸುಗಳನ್ನು ಹಿತ್ತಲಲ್ಲಿ ಒಂದರ ಮೇಲೊಂದು ಮಲಗಿಸಿ, "ಲಗ್ನದ ಮಂಚದ ಕೆಲಸ ಒಂದ ಐತಿ, ಮುಗಿಸಿ ಬರ್ತೇನಿ," ಎಂದು ಹೋದ. ಅವನು ಬರುವುದರೊಳಗೆ ಒಂದು ಅಡ್ಡಮಳೆ ಹೊಡೆಯಿತು. ಎಲ್ಲ ಒಣಗಿದ ಮೇಲೂ ಪತ್ರಾಸುಗಳ ನಡುವೆ ಸೇರಿದ ನೀರು ಹಾಗೆಯೇ ಉಳಿಯಿತು. ಮಹಾದೇವಕ್ಕ ಮೇಲಿನದನ್ನು ಎತ್ತಿ ನೋಡಿದರೆ, ಬೆಳ್ಳಿ ಹೂವಿನ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗಿನ ಬೂಸಲು.

"ಯಂಕವ್ವಾ, ಬಂದ ನೋಡ. ಹೊಲಸ ಮಾಲ ಕೊಟ್ಟಾನ ಸಾಬ."

ನಮ್ಮತ್ತೆ ಹೋಗಿ ಬೆರಳಿನಿಂದ ಒರೆಸಿ ನೋಡಿದಳು. "ಬೂಸ್ಟ ಹಿಡದೈತಿ ನೋಡ. ಉಪ್ಪಿನಕಾಯಿಗೆ ಹಿಡೀತೈತಲ್ಲ, ಹಂಗ."

ಹಾಗೆಯೇ ಬಿಟ್ಟು ಗಾಳಿಗೆ ಬಿಡಿಸಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಗಬ್ಬದ ಎಮ್ಮೆಯ ತಲೆಯ ಮೇಲೆ ಬೂಸ್ಟು ಹಿಡಿದ ವಸ್ತುವನ್ನು ಏರಿಸುವುದು ಮಹಾದೇವಕ್ಕನಿಂದ ಸಾಧ್ಯವಿತ್ತೇ? ಅಲ್ಲದೆ ಅದು ಹೊಸದು. ಹೊಸದನ್ನು ತಿಕ್ಕದೆ ಬಳಸಿದ್ದು ಅವಳ ಜನ್ಮದಲ್ಲಿಯೇ ಇಲ್ಲ. ಅವಳು ಹುಣಸೆಹಣ್ಣು ನೆನೆಹಾಕಿದಳು. ಚೆನ್ನಾಗಿ ಹಿಡಿಯಲೆಂದು ಒಂದು ಪತ್ರಾಸಿಗೆ ಸಂಜೆಯೇ ದಪ್ಪವಾಗಿ ಬಳಿದು ಬಿಟ್ಟಳು. ಕಿಲುಬು ಹತ್ತಿದ ತಾಮ್ರದ ಹಂಡೆಗೆ ಹಾಗೆಯೇ ಮಾಡುವುದು.

ಬೆಳಿಗ್ಗೆ ತೊಳೆದು ನೋಡಿದರೆ ಹೊಳಪು ಬಂದಿರಲಿಲ್ಲ. ಕಪ್ಪು ಬಂದಿತ್ತು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಮಹಾದೇವಕ್ಕ ಒಳಗಿನ ಹೊಲಸು ಈಗ ಹೊರಗೆ ಬರುತ್ತಿದೆ ಎಂದು ತಿಳಿದಳು. ಇಟ್ಟಂಗಿ ಪುಡಿ ಬಂತು, ನಾರು ಬಂತು, ಪಟ್ಟು ಬಂತು. ನಮ್ಮತ್ತೆಯೂ ಸೆರಗು ಸಿಕ್ಕಿಸಿ ಇಳಿದಳು. ಒಬ್ಬರು ತಿಕ್ಕುವುದನ್ನು ನೋಡುತ್ತಾ ಸುಮ್ಮನೆ ಕೂರುವುದು ಅವಳಿಗೂ ಗೊತ್ತಿರಲಿಲ್ಲ. ಒಂದು ಮುಗಿದು ಎರಡನೆಯದು, ಎರಡು ಮುಗಿದು ಮೂರನೆಯದು. ಪ್ರತಿ ಪತ್ರಾಸಿಗೂ ರಾತ್ರಿಯೆಲ್ಲ ಹುಣಸೆಯ ಪಟ್ಟು, ಹಗಲೆಲ್ಲ ಇಟ್ಟಂಗಿಯ ಪೆಟ್ಟು. ಅಷ್ಟು ಹೊತ್ತಿಗೆ ಮೊದಲನೆಯದರ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಎದ್ದವು.

"ಅರಿಷಿಣ ಕುಂಕುಮ ಆಗಲೇ ಹಚ್ಚಿದೇನ?" ಎಂದು ಕೇಳಿದಳು ನಮ್ಮತ್ತೆ.

"ಇಲ್ಲವಾ," ಎಂದಳು ಮಹಾದೇವಕ್ಕ. ಆಗ ಇಬ್ಬರೂ ಬಗ್ಗಿ ನೋಡಿದರು. ಅದು ತುಕ್ಕು.

ಮಂಚದ ಕೆಲಸ ಮುಗಿಸಿ ಬಂದ ಮಂಜಪ್ಪ ಮೂರು ಪತ್ರಾಸುಗಳನ್ನು ಬಗ್ಗಿ ನೋಡಿದ. ಮಲಗಿಸಿ ಹೋದದ್ದು ತಾನೇ ಎಂಬುದು ನೆನಪಾಗಿ, "ಸಾಬ ಮೋಸ ಮಾಡ್ಯಾನ ಯಕ್ಕಾ," ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಮಿರಗ ಎದುರಿಗಿತ್ತು. ಅಣ್ಣನ ಹಗ್ಗ ಕಣ್ಣಿಗೆ ಕಟ್ಟಿತು. ಮಹಾದೇವಕ್ಕ ಆ ದಿನವೇ ಒಂದು ಪತ್ರಾಸನ್ನು ಗಾಡಿಯ ಮೇಲೆ ಹಾಕಿಸಿಕೊಂಡು ಸವಣೂರಿಗೆ ನಡೆದಳು. ಪೇಟೆಯ ಆ ತುದಿಯಿಂದಲೇ ಅವಳ ದನಿ ಅಂಗಡಿಗೆ ಮುಟ್ಟಿತ್ತಂತೆ.

"ಏನ್ರಿ ಸಾಬರ! ಇಪ್ಪತ್ತ ವರ್ಷ ಬಾಳತದ ಅಂದ್ರಿ. ಇಪ್ಪತ್ತ ದಿವಸಾ ಬಾಳಲಿಲ್ಲ! ಎಮ್ಮಿ ಹೋದ್ರ ನೀವ ಬಂದ ನನ್ನ ಕೊಟ್ಟಿಗ್ಯಾಗ ನಿಂದ್ರತೀರೇನು?"

ಕುತುಬುದ್ದೀನ ಗಾಡಿಯ ಹತ್ತಿರ ಬಂದ. ಮೂಲೆಯ ಮುದ್ರೆ ನೋಡಿದ. ದಪ್ಪ ಲೇಪದ್ದೇ. ಉಗುರಿನಿಂದ ಕೆರೆದ, ಮೂಸಿ ನೋಡಿದ, ಮತ್ತೊಮ್ಮೆ ಮೂಸಿ ನೋಡಿದ. ಪತ್ರಾಸಿನ ತಗ್ಗಿನಲ್ಲಿ ಏನೋ ಒಣಗಿ ಅಂಟಿತ್ತು. ಅದನ್ನು ನಾಲಿಗೆಯ ತುದಿಗೆ ಇಟ್ಟುಕೊಂಡ. ಅವನ ಮುಖ ಹುಳ್ಳಗಾಯಿತು.

"ಅಕ್ಕಾರ... ಇದರ ಮ್ಯಾಲ ಸಾರ ಚೆಲ್ಲಿದ್ರೇನು?"

"ಸಾರ ಯಾಕ ಚೆಲ್ಲಲಿ? ಹುಣಸಿಹಣ್ಣ ಹಚ್ಚಿ ತಿಕ್ಕೇನಿ. ಹೊಸಾದ ತಿಕ್ಕದ ಹೆಂಗ ಹಾಕೂದು?"

ಕುತುಬುದ್ದೀನ ಗಿರಾಕಿಗಳ ಕಡೆಗೆ ತಿರುಗಿದ, ಆಕಾಶದ ಕಡೆಗೆ ತಿರುಗಿದ, ಎಲ್ಲೂ ನೆರವು ಸಿಗದೆ ಮಹಾದೇವಕ್ಕನ ಕಡೆಗೇ ತಿರುಗಿದ. "ಹುಳಿ ಅಂದ್ರ ಜಸ್ತಕ್ಕ ವಿಷ ರೀ! ಆ ಬೆಳ್ಳನ ಬೂಸಲು ನೀರ ಸಿಕ್ಕೊಂಡು ಬಂದಿದ್ದು. ಗಾಳಿಗೆ ಬಿಟ್ಟಿದ್ರ ನಿಂತ ಹೋಗತಿತ್ತು. ನೀವು ಜಸ್ತಾನ ತಿಕ್ಕಿ ತಗದೀರಿ, ಒಳಗಿನ ಕಬ್ಬಿಣ ಹೊರಗ ಬಂದದ. ಯಾ ಖುದಾ, ಮಾಳಗಿ ತಿಕ್ಕೋ ಹೆಂಗಸರ ಇರತಾರಂತ ನನಗ ಹೆಂಗ ಗೊತ್ತಾಗಬೇಕು? ದುನಿಯಾದಾಗ ಯಾರರ ಜಸ್ತದ ಮಾಲಿಗೆ ಹುಣಸಿಹಣ್ಣು ಹಚ್ಚತಾರೇನ್ರಿ?"

ಪರದೆಯ ಹಿಂದಿನಿಂದ ಅವನ ಹೆಂಡತಿ ಅಖ್ತರುನ್ನೀಸಾ ಶಾಂತವಾಗಿ ಹೇಳಿದಳು, "ನಾ ಹಚ್ಚತೇನಿ."

ಕುತುಬುದ್ದೀನ ಪರದೆಯ ಕಡೆಗೆ ತಿರುಗಿದ.

"ಏನಕ್ಕ ಹಚ್ಚತಿ?"

"ಬಕೀಟಿಗೆ. ಪ್ರತಿ ಶುಕ್ರವಾರ. ಇಲ್ಲಾಂದ್ರ ಅದು ಬೂದಿ ಬಣ್ಣ ಆಗತದ."

ಕುತುಬುದ್ದೀನ ಮೆಲ್ಲಗೆ ಗಲ್ಲೆಯ ಗಾದಿಯ ಮೇಲೆ ಕುಳಿತ. ಅವನ ಮನೆಯ ಬಕೀಟು ವರ್ಷಕ್ಕೊಂದು ತೂತು ಬೀಳುತ್ತಿತ್ತು. ವರ್ಷಕ್ಕೊಮ್ಮೆ ಅವನು ಬಕೀಟು ಮಾಡುವವರ ವಂಶವನ್ನೆಲ್ಲ ಎಣಿಸಿ ಬಯ್ಯುತ್ತಿದ್ದ. ಪೇಟೆಗೆಲ್ಲ ಅದು ಗೊತ್ತಿತ್ತು.

"ಆ ಬೂದಿ ಬಣ್ಣಾನ ಜಸ್ತದ ಅಂಗಿ, ಬೇಗಂ. ಅದು ಬಂದ ಮ್ಯಾಲನ ಮಾಲು ಬಾಳತದ," ಎಂದ, ಅಳುವ ದನಿಯಲ್ಲಿ.

"ಒಂದ ದಿನಾರ ಹೇಳಿದ್ರೇನು? ಅಂಗಡಿಗೆ ಬಂದವರಿಗೆಲ್ಲಾ ಹೇಳತೀರಿ," ಎಂದು ಪರದೆಯ ಹಿಂದಿನಿಂದ ಉತ್ತರ ಬಂತು.

ಆ ಮಾತು ಕೇಳಿದ ಮೇಲೆ ಮಹಾದೇವಕ್ಕನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಪರದೆ ಸರಿಸಿ ಒಳಗೆ ಹೋಗಿ ಅಖ್ತರುನ್ನೀಸಾಳ ಪಕ್ಕದಲ್ಲಿ ಕುಳಿತಳು. ಇಬ್ಬರೂ ಹುಣಸೆಹಣ್ಣು ಎಷ್ಟು ಹೊತ್ತು ನೆನೆಯಬೇಕೆಂಬುದರ ಮೇಲೆ ಬಹಳ ಹೊತ್ತು ಮಾತಾಡಿದರು. ಹೊರಗೆ ಕುತುಬುದ್ದೀನ ಪತ್ರಾಸಿನ ಮುಂದೆ ತಲೆಗೆ ಕೈಯಿಟ್ಟುಕೊಂಡು ಕುಳಿತಿದ್ದ. ಅಂಗಡಿಯಲ್ಲಿ ಬೇರೆ ಪತ್ರಾಸು ಇರಲಿಲ್ಲ. ಮುಂದಿನ ವ್ಯಾಗನ್ನು ಯಾವಾಗ ಬರುವುದೋ ಹೇಳುವವರಿರಲಿಲ್ಲ. ಮೂರು ಪತ್ರಾಸು ಬಿಟ್ಟರೆ ಕೊಟ್ಟಿಗೆಯ ಕಾಲು ಭಾಗ ಬಯಲು.

"ಒಂದ ಉಪಾಯ ಅದ," ಎಂದ ಅವನು ಕೊನೆಗೆ. "ಮೊದಲ ಬೇಕಾದಷ್ಟ ನೀರ ಹಾಕಿ ಆ ಹುಳಿ ತೊಳೀರಿ. ಒಣಗಿಸ್ರಿ. ತುಕ್ಕ ಬಂದಲ್ಲಿ ಕೆರದ ತಗೀರಿ. ಆಮ್ಯಾಲ ಎರಡೂ ಮಗ್ಗಲಕ್ಕ ಈ ಕೆಂಪ ಬಣ್ಣ ಎರಡ ಕೈ ಹೊಡೀರಿ. ಗಂಗಿ ತಲಿಮ್ಯಾಲ ಬ್ಯಾಡ, ಹಬಿ ತಡಿಯೂದಿಲ್ಲ ಅವು. ಕಣಿಕಿ ಇಡೋ ಕಡೆ ಹಾಕಸ್ರಿ."

"ಹಂಗಾರ ಉಳಿದವಕ್ಕೂ ಹೊಡೀತೇನಿ. ಎಲ್ಲಾ ಒಂದ ಬಣ್ಣ ಕಾಣಸ್ಲಿ."

"ಬ್ಯಾಡ್ರಿ! ಹೊಸ ಜಸ್ತದ ಮ್ಯಾಲ ಬಣ್ಣ ನಿಲ್ಲೂದಿಲ್ಲ, ಸಿಪ್ಪಿ ಎದ್ದಂಗ ಏಳತದ. ನೀವು ತಿಕ್ಕಿದ್ದಕ್ಕ ಆ ಮೂರಕ್ಕಷ್ಟ ಕಚ್ಚತದ. ಅದೊಂದ ಪುಣ್ಯಾ ಮಾಡೀರಿ."

ಮಹಾದೇವಕ್ಕ ಆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಊರಿಗೆ ಬಂದಳು. ತನ್ನ ತಿಕ್ಕಿನಿಂದಲೇ ಬಣ್ಣ ಕಚ್ಚಿತು ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದಳು.

ಮಿರಗ ಕೂಡುವ ಹಿಂದಿನ ದಿನ ಮಂಜಪ್ಪ ಕೊಟ್ಟಿಗೆ ಹತ್ತಿದ. ಮೂಡಣದಿಂದ ಶುರು ಮಾಡಿದ. ಬೋದಿನ ಮೇಲೆ ತೂತು, ಕೊಕ್ಕೆ, ಡಾಂಬರು, ಟೋಪಿ, ನಟ್ಟು. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಮಹಾದೇವಕ್ಕ ಒಂದೊಂದು ನಟ್ಟಿಗೂ, "ಸಿಟ್ಟ ಮಾಡಬ್ಯಾಡ," ಎಂದು ಹೇಳುತ್ತಿದ್ದಳು. ಹೊತ್ತು ಇಳಿಯುತ್ತಿತ್ತು. ಪಡುವಣದಲ್ಲಿ ಮೋಡ ಏರುತ್ತಿತ್ತು. ಕಣಿಕಿಯ ಕಡೆಯ ಕೊನೆಯ ಕೆಂಪು ಪತ್ರಾಸಿಗೆ ಬಂದಾಗ ಕೈಯಲ್ಲಿದ್ದ ಕೊಕ್ಕೆ ಜಾರಿ ಕೆಳಗಿನ ಸಗಣಿಯಲ್ಲಿ ಮುಳುಗಿತು. ಇಳಿದು ಹುಡುಕುವುದು ಯಾರು? ಮಹಾದೇವಕ್ಕ ದೀಪ ಹಚ್ಚಲು ಒಳಗೆ ಹೋಗಿದ್ದಳು. ಮಂಜಪ್ಪ ಚೀಲದಿಂದ ಒಂದು ಸಾದಾ ಮೊಳೆ ತೆಗೆದು, ತಗ್ಗಿನಲ್ಲಿ ಇಟ್ಟು, ಎರಡೇ ಏಟಿಗೆ ಹೊಡೆದುಬಿಟ್ಟ. ಗೋಡೆಯ ಈಚೆಯಿಂದ ನಮ್ಮತ್ತೆ ನೋಡಿದಳು. ಮಂಜಪ್ಪ ಕೈ ಮುಗಿದ. ನಮ್ಮತ್ತೆ ಪಾಪ ಎಂದು ಸುಮ್ಮನಾದಳು. ಅವಳು ಹಾಗೆ ಮಾಡಬಾರದಿತ್ತು.

ಮಳೆಯೂ ಮೈಲಾರಲಿಂಗಪ್ಪನೂ ಒಂದೇ ದಿನ ಬಂದರು. ಹೆಗಲ ಮೇಲೆ ಹೊಸ ಹಗ್ಗ, ಕಂಕುಳಲ್ಲಿ ಕೊಡೆ. ಕಾಲು ತೊಳೆಯದೆ ನೇರ ಕೊಟ್ಟಿಗೆಗೆ ನಡೆದ. ಗಂಗಿ ಒಣಗಿದ ನೆಲದ ಮೇಲೆ ಮೆಲುಕು ಹಾಕುತ್ತಿತ್ತು. ಅವನು ತಲೆಯೆತ್ತಿ, ಅಂಗೈ ಚಾಚಿ, ಮಂತ್ರ ಹಾಕುವವನಂತೆ ಮೂಲೆ ಮೂಲೆಗೂ ತಿರುಗಿದ. ಬೆಳ್ಳಿ ಬಣ್ಣದ ಪತ್ರಾಸುಗಳ ಕೆಳಗೆ ಹನಿಯೂ ಇಲ್ಲ. ಕೆಂಪಿನ ಕಡೆಗೆ ಬಂದ.

"ಇವ್ಯಾಕ ಕೆಂಪಾಗ್ಯಾವ?"

"ಅವು ಬ್ಯಾರೆ ಜಾತಿವು," ಎಂದಳು ಮಹಾದೇವಕ್ಕ.

ಅಷ್ಟರಲ್ಲಿ ಒಂದು ಹನಿ ಅವನ ರುಮಾಲಿನ ಮೇಲೆ ಬಿತ್ತು. ಅವನು ಮುಖ ಮೇಲೆತ್ತಿದ. ಎರಡನೆಯದು ಮೂಗಿನ ತುದಿಗೆ ಬಿತ್ತು. ಹೆಗಲ ಮೇಲಿನ ಹಗ್ಗ ಕೈಗೆ ಬಂತು.

"ಒಂದ ಹನಿ ಅಂದಿದ್ದೆ, ತಂಗಿ. ಎರಡ ಆದವು."

ಮಹಾದೇವಕ್ಕ ಹನಿ ಬಂದ ದಾರಿಯನ್ನು ಹಿಡಿದು ಕಣ್ಣು ಏರಿಸಿದಳು. ಬೋದಲ್ಲ, ಸಾಲು. ಕೊಕ್ಕೆಯಲ್ಲ, ಮೊಳೆ.

"ಮಂಜ್ಯಾ!"

ಆ ಕೂಗಿಗೆ ಗಂಗಿ ಎದ್ದು ನಿಂತಿತು. ಮೂರು ಮನೆಯ ಆಚೆ ಊಟಕ್ಕೆ ಕುಳಿತಿದ್ದ ಮಂಜಪ್ಪ ತುತ್ತು ಬಿಟ್ಟು ಬಂದ. ನಮ್ಮತ್ತೆಯೂ ಬಂದಳು, ತಪ್ಪು ತನ್ನದೂ ಇದ್ದುದರಿಂದ.

"ಸಾಲಿನಾಗ ಮೊಳಿ ಹೊಡದಾಂವ ಯಾರು?"

"ಯಕ್ಕಾ, ಕೊಕ್ಕಿ ಸಗಣ್ಯಾಗ ಬಿತ್ತು..."

"ಹಂಗಾರ ಸಗಣ್ಯಾಗ ಕೈ ಹಾಕು!" ಎಂದಳು ಮಹಾದೇವಕ್ಕ. ಆಮೇಲೆ ಅಣ್ಣನ ಕಡೆಗೆ ತಿರುಗಿದಳು. "ಅಣ್ಣಾ, ಇದು ಮಾಡ ಸೋರಿದ್ದಲ್ಲ, ಮಂಜಪ್ಪ ಸೋರಿದ್ದು. ಅವನ್ನ ಬೇಕಾದ್ರ ಹಂಸಭಾವಿಗೆ ಒಯ್ಯಿ. ಎಮ್ಮಿ ಬಿಡು."

ಮೈಲಾರಲಿಂಗಪ್ಪನ ಮೀಸೆ ಅಲುಗಿತು. ನಗಬಾರದೆಂದು ಅವನು ಬಹಳ ಕಷ್ಟಪಟ್ಟ. "ಮಳಿ ನಿಲ್ಲೂತನಕ ಟೈಮ ಕೊಡ್ತೇನಿ. ಮುಂದಿನ ಮಳಿಗೆ ನೋಡೂನು," ಎಂದು ಅಂತೂ ಕಾಲು ತೊಳೆಯಲು ಒಪ್ಪಿದ.

ಮಳೆ ನಿಂತು ಬಿಸಿಲು ಇಣುಕಿತು. ಮಂಜಪ್ಪ ಸಗಣಿಯಿಂದ ಕೊಕ್ಕೆ ತೆಗೆದು ತೊಳೆದು, ಬೋಲ್ಟಿನ ಸಾಲಿನ ಮೇಲೆಯೇ ಬೆಕ್ಕಿನಂತೆ ಕಾಲಿಟ್ಟು ಹತ್ತಿದ. ಮೊಳೆ ಕಿತ್ತ. ಪತ್ರಾಸು ಪೂರ್ತಿ ಒಣಗುವತನಕ ಅವನನ್ನು ಕಾಯಿಸಿದರು, ಹಸಿಯ ಮೇಲೆ ಡಾಂಬರು ಹಿಡಿಯುವುದಿಲ್ಲವಲ್ಲ. ಆಮೇಲೆ ತೂತಿಗೆ ಡಾಂಬರು ತುಂಬಿ, ಮೇಲೆ ಡಾಂಬರು ಬಳಿದ ಅರಿವೆಯ ತುಂಡು ಅಂಟಿಸಿ, ಅದರ ಮೇಲೆ ಇನ್ನೊಂದು ಕೈ ಬಳಿದ. ಪಕ್ಕದ ಬೋದಿನ ಮೇಲೆ ಹೊಸ ತೂತು ಹಾಕಿ ಕೊಕ್ಕೆ ಸಿಗಿಸಿದ. ಕೆಳಗೆ ಮೂವರೂ ತಲೆಯೆತ್ತಿ ನಿಂತಿದ್ದರು. ಅಷ್ಟು ಎಚ್ಚರದಿಂದ ಅವನು ತನ್ನ ಮದುವೆಯ ತಾಳಿಯನ್ನೂ ಕಟ್ಟಿರಲಿಕ್ಕಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಿಜವಾದ ಮಿರಗ ಹೊಡೆಯಿತು. ಅಂಥ ಮಳೆಯ ಸದ್ದನ್ನು ನಮ್ಮ ಊರು ಆವರೆಗೆ ಕೇಳಿರಲಿಲ್ಲ. ಕಣಿಕಿಯ ಮೇಲೆ ಮಳೆ ಪಿಸುಗುಡುತ್ತದೆ. ಪತ್ರಾಸಿನ ಮೇಲೆ ನೂರು ಡೊಳ್ಳು ಒಮ್ಮೆಗೆ ಬಡಿದ ಹಾಗಿತ್ತು. ಅಣ್ಣ ತಂಗಿ ಇಬ್ಬರೂ ಕೊಟ್ಟಿಗೆಯಲ್ಲಿ ನಿಂತಿದ್ದರು. ಗಂಗಿ ಮೊದಲು ಕಿವಿ ನಿಗುರಿಸಿತು, ಕಣ್ಣು ಬಿಳಿ ಮಾಡಿತು. ಮಹಾದೇವಕ್ಕ ಅದರ ಕೊರಳು ಕೆರೆಯುತ್ತಾ ನಿಂತದ್ದರಿಂದ ಮೆಲ್ಲಗೆ ತಣ್ಣಗಾಯಿತು. ಮೈಲಾರಲಿಂಗಪ್ಪ ಅಂಗೈ ಚಾಚಿಕೊಂಡು ಅತ್ತಿಂದಿತ್ತ ತಿರುಗಿದ. ಕೆಂಪು ಪತ್ರಾಸಿನ ಕೆಳಗೆ ಬಹಳ ಹೊತ್ತು ನಿಂತ. ರುಮಾಲು ತೆಗೆದು, ಬೋಳು ತಲೆಯನ್ನೇ ಒಡ್ಡಿ ನಿಂತ. ಏನೂ ಬೀಳಲಿಲ್ಲ.

ಕೊನೆಗೆ ಅವನು ತಂಗಿಯ ಕಡೆಗೆ ನೋಡದೆ, ಮೀಸೆಯೊಳಗೇ ಏನೋ ಅಂದ.

"ಏನಂದಿ? ಕೇಳಸವಲ್ದು!" ಎಂದು ಕೂಗಿದಳು ಮಹಾದೇವಕ್ಕ.

"ಎಮ್ಮಿ ಇಲ್ಲೇ ಇರ್ಲಿ ಅಂದೆ!"

"ಆಂ? ಮಳಿ ಸಪ್ಪಳ ಭಾಳ ಐತಿ ಅಣ್ಣಾ!"

"ಎ-ಮ್ಮಿ ಇ-ಲ್ಲೇ ಇ-ರ್ಲಿ!" ಎಂದು ಮೈಲಾರಲಿಂಗಪ್ಪ ಎರಡು ಕೈಯನ್ನೂ ಬಾಯಿಗೆ ಹಿಡಿದು ಒದರಿದ. ಗೋಡೆಯ ಈಚೆ ನಮ್ಮತ್ತೆಗೆ ಕೇಳಿಸಿತು, ನನಗೂ ಕೇಳಿಸಿತು, ಆಚೆ ಓಣಿಯವರಿಗೂ ಕೇಳಿಸಿತು. ಮಹಾದೇವಕ್ಕನಿಗೆ ಮೊದಲನೆಯ ಸಲವೇ ಕೇಳಿಸಿತ್ತೆಂದು ನಮ್ಮತ್ತೆ ಕೊನೆಯತನಕ ಹೇಳುತ್ತಿದ್ದಳು. ಆ ದಿನ ಮಹಾದೇವಕ್ಕ ಗಂಗಿಯ ಕೊರಳಿನ ಮೇಲೆ ಕೈಯಿಟ್ಟುಕೊಂಡು, ಅಷ್ಟು ಗದ್ದಲದ ನಡುವೆ, ಇನ್ನೂ ಒಂದು ಸಲ ಕೇಳಿದಳು:

"ಏನಂದಿ ಅಣ್ಣಾ?"